ವೇ ಪೌಡರ್, ಕೇಸಿನ್: ಲ್ಯಾಕ್ಟೋಸ್ ಯಾವುದರಲ್ಲಿ ಜಾಸ್ತಿ?

ಪ್ರಶ್ನೆ: ನನಗೆ ಲ್ಯಾಕ್ಟೋಸ್ ಆಗಿಬರಲ್ಲ. ಒಂದು ಪ್ಯಾಕೆಟ್ ಮೇಲೆ ವೇ ಪೌಡರ್, ಇನ್ನೊಂದರ ಮೇಲೆ ಕೇಸಿನ್ ಅಂತಿದೆ. ಎರಡೂ ಬಿಡಬೇಕಾ?

ಉತ್ತರ: ಮುಖ್ಯವಾಗಿ ವೇ ಪೌಡರ್ ಮೇಲೆ ಕಣ್ಣಿಡಿ. ಹಾಲು ಒಡೆದಾಗ ಗಟ್ಟಿಯಾಗಿ ಉಳಿಯುವುದು ಕೇಸಿನ್, ನೀರಾಗಿ ಬಸಿಯುವುದು ವೇ. ಲ್ಯಾಕ್ಟೋಸ್ ಅಂದರೆ ಹಾಲಿನ ಸಕ್ಕರೆ. ಅದು ನೀರಲ್ಲಿ ಕರಗುತ್ತದೆ, ಹಾಗಾಗಿ ಬಹುಪಾಲು ವೇ ಜೊತೆಗೇ ಹೋಗುತ್ತದೆ. ಒಣಗಿಸಿದ ವೇ ಪೌಡರ್‌ನಲ್ಲಿ ಸುಮಾರು 70% ಲ್ಯಾಕ್ಟೋಸೇ. ಕೆನೆ ತೆಗೆದ ಹಾಲಿನ ಪುಡಿಯಲ್ಲಿ ಸುಮಾರು ಅರ್ಧ. ಕೇಸಿನ್, ಸೋಡಿಯಂ ಕೇಸಿನೇಟ್‌ನಲ್ಲಿ ತೀರಾ ಕಡಿಮೆ. ವೇ ಪ್ರೋಟೀನ್ ಐಸೊಲೇಟ್‌ನಲ್ಲೂ ಅಷ್ಟೇ, ಆದರೆ ಕಾನ್ಸಂಟ್ರೇಟ್‌ನಲ್ಲಿ ಅದಕ್ಕಿಂತ ಜಾಸ್ತಿ.

ಹೆಸರು ನೋಡಿದ ತಕ್ಷಣ ಗಾಬರಿ ಬೇಡ, ಪ್ರಮಾಣವನ್ನೂ ನೋಡಿ. ಉದಾಹರಣೆಗೆ, 30 ಗ್ರಾಂ ಚಿಪ್ಸ್‌ನಲ್ಲಿ ಮಸಾಲೆ 6% ಅಂತ ಬರೆದು, ಅದರೊಳಗೆ ವೇ ಪೌಡರ್ ಇದೆ ಅಂದುಕೊಳ್ಳಿ. ಇಡೀ ಮಸಾಲೆಯೇ 1.8 ಗ್ರಾಂ. ಅಷ್ಟೂ ವೇ ಪೌಡರ್ ಆಗಿದ್ದರೂ ಲ್ಯಾಕ್ಟೋಸ್ 1.3 ಗ್ರಾಂ ದಾಟಲ್ಲ. ಒಂದು ಸಲಕ್ಕೆ 12 ಗ್ರಾಂವರೆಗೆ ಬಹಳ ಜನಕ್ಕೆ ತೊಂದರೆ ಆಗಲ್ಲ, ಆದರೂ ಕೆಲವರಿಗೆ ಕಡಿಮೆಯೂ ಸಾಕು. ಅದೇ ವೇ ಪೌಡರ್ ಅಥವಾ ಹಾಲಿನ ಘನಾಂಶ ಪಟ್ಟಿಯ ಮೊದಲ ಮೂರ್ನಾಲ್ಕು ಹೆಸರುಗಳಲ್ಲಿದ್ದರೆ ಹುಷಾರು, ಯಾಕಂದ್ರೆ ಪಟ್ಟಿ ಸಾಮಾನ್ಯವಾಗಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ.

ಲ್ಯಾಕ್ಟಿಕ್ ಆಮ್ಲ ನೋಡಿ ಸುಮ್ನೆ ಹೆದರಬೇಡಿ, ಅದು ಲ್ಯಾಕ್ಟೋಸ್ ಅಲ್ಲ. ಇನ್ನು ‘ಹಾಲು ಇದೆ’ ಅನ್ನೋ ಎಚ್ಚರಿಕೆ ಅಲರ್ಜಿ ಇರುವವರಿಗಾಗಿ, ಅದರಿಂದ ಲ್ಯಾಕ್ಟೋಸ್ ಎಷ್ಟಿದೆ ಅಂತ ಗೊತ್ತಾಗಲ್ಲ. ನಿಮಗಿರುವುದು ಹಾಲಿನ ಅಲರ್ಜಿಯಾದರೆ ಮಾತ್ರ ಈ ಲೆಕ್ಕ ಯಾವುದೂ ನಡೆಯಲ್ಲ. ಆಗ ಕೇಸಿನ್ ಕೂಡ ಪೂರ್ತಿ ಬಿಡಬೇಕು.