ಐಸೊಮೆಟ್ರಿಕ್ ಚಿತ್ರದಿಂದ ಮೂರು ವ್ಯೂ: ಯಾವ ಅಂಚಿಗೆ ಡ್ಯಾಶ್ ಗೆರೆ?

ಪ್ರಶ್ನೆ: "ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮೊದಲ ಸೆಮಿಸ್ಟರ್ ಓದ್ತಿದ್ದೀನಿ. ಪುಸ್ತಕದ ಐಸೊಮೆಟ್ರಿಕ್ ಚಿತ್ರದ ಫೋಟೋ ಹಾಕೀನಿ. ಬೇಸ್ 60 × 40, ದಪ್ಪ 12. ಹಿಂದಿನ ಅಂಚಿಗೆ 12 ದಪ್ಪದ ಗೋಡೆ, ಒಟ್ಟು ಎತ್ತರ 40. ಗೋಡೆ ನಡುವೆ 20 ವ್ಯಾಸದ ತೂತು, ಅದರ ಸೆಂಟರ್ ತಳದಿಂದ 26 ಎತ್ತರಕ್ಕೆ. ಬೇಸಿನ ತಳದಾಗ ಮುಂದಿನಿಂದ ಹಿಂದಿನತನಕ 20 ಅಗಲ, 5 ಆಳದ ಸ್ಲಾಟ್, ಅದೂ ನಡುವೆ. ಎಲ್ಲಾ ಮಿಮೀ. ಯಾವ ಗೆರೆ ಡಾಟೆಡ್ ಹಾಕಬೇಕು ಅನ್ನೋದ ತಿಳೀವಲ್ದು."

ಫೋಟೋದಲ್ಲಿ ಒಂದು ಅಂಚು ಕಾಣುತ್ತದೆ ಎಂದ ಮಾತ್ರಕ್ಕೆ ಅದು ಮೂರೂ ವ್ಯೂಗಳಲ್ಲಿ ಕಾಣುತ್ತದೆ ಎಂದು ಹಿಡಿಯಬೇಡಿರಿ. ಗೊಂದಲ ಶುರುವಾಗುವುದೇ ಇಲ್ಲಿ. ಸ್ಲಾಟಿನ ಬಾಯಿ ನಿಮ್ಮ ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿದೆ, ಆದರೆ ಟಾಪ್ ವ್ಯೂನಲ್ಲಿ ಅದು ಅಡಗುತ್ತದೆ. ಪ್ರತಿ ವ್ಯೂಗೂ ಬೇರೆಯಾಗಿ ಪರೀಕ್ಷೆ ಮಾಡಿರಿ: ಅಂಚಿನ ಮೇಲೆ ಒಂದು ಬಿಂದು ಹಿಡಿದು, ಅಲ್ಲಿಂದ ನೋಡುವ ಕಣ್ಣಿನ ಕಡೆಗೆ ನೆಟ್ಟಗೆ ಹೊರಡಿರಿ. ದಾರಿಯಲ್ಲಿ ಲೋಹ ಅಡ್ಡ ಬಂದರೆ ಡ್ಯಾಶ್, ಬರದಿದ್ದರೆ ಪೂರ್ತಿ ಗೆರೆ. ಅಳತೆಗಳನ್ನು ಮಾತ್ರ ಬರೆದ ಅಂಕಿಗಳಿಂದಲೇ ತಗೊಳ್ಳಿರಿ. ಓರೆಯಾಗಿ ತೆಗೆದ ಫೋಟೋದ ಮೇಲೆ ಸ್ಕೇಲ್ ಇಟ್ಟರೆ ತಪ್ಪು ಬರುತ್ತದೆ.

ಮೊದಲು ಫ್ರಂಟ್ ವ್ಯೂ. 60 × 40 ಆಯತ ಹಾಕಿ, ತಳದಿಂದ 12 ಎತ್ತರಕ್ಕೆ ಅಡ್ಡಗೆರೆ ಎಳೆಯಿರಿ. ಅದು ಬೇಸಿನ ಮೇಲಿನ ಮುಂದಿನ ಅಂಚು, ಎದುರಿಗೆ ಏನೂ ಇಲ್ಲ, ಹಾಗಾಗಿ ಪೂರ್ತಿ ಗೆರೆ. ತೂತು 16ರಿಂದ 36 ಎತ್ತರದವರೆಗೆ ಇರುವುದರಿಂದ ಬೇಸ್ ಅದಕ್ಕೆ ಅಡ್ಡ ಬರುವುದಿಲ್ಲ, ವೃತ್ತವೂ ಪೂರ್ತಿ ಗೆರೆಯೇ. ತಳದಲ್ಲಿ ಎಡದಿಂದ 20ರಿಂದ 40ರವರೆಗೆ ಸ್ಲಾಟಿನ ಬಾಯಿ ಇದೆ. ಅಲ್ಲಿ ತಳದ ಗೆರೆ ಇರಬಾರದು, ಏಕೆಂದರೆ ಸ್ಲಾಟ್ ಹಿಂದಿನವರೆಗೂ ಬಯಲು. ಮೊದಲೇ ಎಳೆದ ಆಯತದ ಆ ಭಾಗವನ್ನು ಅಳಿಸಲು ಬಹಳ ಜನ ಮರೆಯುತ್ತಾರೆ. ಈ ವ್ಯೂನಲ್ಲಿ ಒಂದೂ ಡ್ಯಾಶ್ ಗೆರೆ ಇಲ್ಲ.

ಟಾಪ್ ವ್ಯೂ, ಫಸ್ಟ್ ಆ್ಯಂಗಲ್‌ನಲ್ಲಿ ಫ್ರಂಟ್ ವ್ಯೂನ ಕೆಳಗೆ ಬರುತ್ತದೆ. 60 × 40 ಆಯತ, ಗೋಡೆ ಮೇಲಿನ ಬದಿಗೆ, ಅಂದರೆ ಫ್ರಂಟ್ ವ್ಯೂಗೆ ಹತ್ತಿರ. ಆ ಬದಿಯಿಂದ 12 ಮಿಮೀಗೆ ಒಂದು ಪೂರ್ತಿ ಗೆರೆ. ಸ್ಲಾಟಿನ ಎರಡು ಗೋಡೆಗಳು ಎಡದಿಂದ 20 ಮತ್ತು 40ರಲ್ಲಿ, ಮೇಲೆ ಬೇಸಿನ ಲೋಹ ಮುಚ್ಚಿರುವುದರಿಂದ ಡ್ಯಾಶ್, 40 ಮಿಮೀ ಉದ್ದಕ್ಕೂ. ಇಲ್ಲಿ ನಿಮ್ಮ ಪ್ರಶ್ನೆಯ ಕಠಿಣ ಜಾಗ: ತೂತಿನ ಬದಿಗಳೂ 20 ಮತ್ತು 40ರಲ್ಲೇ ಬೀಳುತ್ತವೆ. ಗೋಡೆಯ 12 ಮಿಮೀಯಲ್ಲಿ ಎರಡೂ ಒಂದರ ಮೇಲೊಂದು ಕೂಡುತ್ತವೆ, ಒಂದೇ ಡ್ಯಾಶ್ ಗೆರೆ ಎರಡಕ್ಕೂ ಸಾಕು. ತೂತು ಬಿಟ್ಟುಹೋಯಿತೇನೋ ಎಂದು ಪಕ್ಕದಲ್ಲಿ ಇನ್ನೊಂದು ಜೋಡಿ ಎಳೆಯಬೇಡಿರಿ, ತೂತಿನ ಗುರುತಾಗಿ ಎಡದಿಂದ 30ರಲ್ಲಿ ಸೆಂಟರ್ ಲೈನ್ ಇರುತ್ತದೆ. ಪೂರ್ತಿ ಗೆರೆ ಮತ್ತು ಡ್ಯಾಶ್ ಒಂದೇ ಜಾಗಕ್ಕೆ ಬಂದರೆ ಪೂರ್ತಿ ಗೆರೆ ಉಳಿಯಬೇಕು, ಡ್ಯಾಶ್ ಮತ್ತು ಸೆಂಟರ್ ಲೈನ್ ಬಂದರೆ ಡ್ಯಾಶ್ ಉಳಿಯಬೇಕು.

ಎಡಬದಿಯ ಸೈಡ್ ವ್ಯೂ ಫ್ರಂಟ್ ವ್ಯೂನ ಬಲಕ್ಕೆ. ಇದು L ಆಕಾರ, ಗೋಡೆ ಎಡಕ್ಕೆ. ಗೋಡೆ ಬೇಸಿನ ಮೇಲೆ ಕೂಡುವ ಜಾಗದಲ್ಲಿ ಗೆರೆ ಬೇಡ, ವಸ್ತು ಒಂದೇ ತುಂಡು, ಮುಖವೂ ಒಂದೇ ಸಮತಲ. ತೂತಿಗೆ 16 ಮತ್ತು 36 ಎತ್ತರದಲ್ಲಿ, ಗೋಡೆಯ 12 ಮಿಮೀ ಅಗಲಕ್ಕೆ ಮಾತ್ರ ಡ್ಯಾಶ್, ನಡುವೆ 26ರಲ್ಲಿ ಸೆಂಟರ್ ಲೈನ್. ಸ್ಲಾಟಿನ ಮೇಲ್ಮೈಗೆ 5 ಎತ್ತರದಲ್ಲಿ 40 ಉದ್ದದ ಒಂದೇ ಡ್ಯಾಶ್.

ಇನ್ನು ತೂತು ಆರಪಾರವೇ? ಐಸೊಮೆಟ್ರಿಕ್ ಚಿತ್ರದಲ್ಲಿ ಸಾಮಾನ್ಯವಾಗಿ ಅಡಗಿದ ಗೆರೆಗಳನ್ನು ಹಾಕುವುದಿಲ್ಲ, ಹಾಗಾಗಿ ಸುಳಿವು ಹುಡುಕಬೇಕು. 20 ವ್ಯಾಸದ ವೃತ್ತ ಅಲ್ಲಿ ದೀರ್ಘವೃತ್ತವಾಗಿ, ಸಣ್ಣ ಅಕ್ಷ ಸುಮಾರು 14 ಮಿಮೀ ಆಗುತ್ತದೆ. ಗೋಡೆಯ ದಪ್ಪ 12, ಅದಕ್ಕಿಂತ ಕಡಿಮೆ. ಆದ್ದರಿಂದ ತೂತಿನೊಳಗೆ ಹಿಂದಿನ ಅಂಚಿನ ಸಣ್ಣ ಕಮಾನು ಕಾಣಬೇಕು. ಫೋಟೋ ದೊಡ್ಡದು ಮಾಡಿ ನೋಡಿರಿ, ಕಮಾನು ಇದ್ದರೆ ಆರಪಾರ. ಗೋಡೆ 15 ಮಿಮೀ ದಪ್ಪ ಇದ್ದಿದ್ದರೆ ಈ ಸುಳಿವು ಸಿಗುತ್ತಿರಲಿಲ್ಲ, ಬರೆದ ಟಿಪ್ಪಣಿಯೇ ಗತಿ.

ಸ್ಲಾಟಿಗೂ ಟಿಪ್ಪಣಿಯೇ ಬೇಕು, ಅದರ ಹಿಂದಿನ ತುದಿ ಚಿತ್ರದಲ್ಲಿ ಕಾಣುವುದಿಲ್ಲ. ಅದು ಮುಂದಿನಿಂದ 30 ಮಿಮೀಗೇ ನಿಂತಿದ್ದರೆ ಮೂರೂ ವ್ಯೂ ಬದಲಾಗುತ್ತವೆ. ಫ್ರಂಟ್ ವ್ಯೂನಲ್ಲಿ ಅಳಿಸಿದ ತಳದ ಗೆರೆ ಮತ್ತೆ ಪೂರ್ತಿ ಗೆರೆಯಾಗಿ ಬರುತ್ತದೆ, ಏಕೆಂದರೆ ಸ್ಲಾಟಿನ ಕೊನೆಯ ಗೋಡೆಯ ಕೆಳ ಅಂಚು ಎದುರಿನಿಂದ ಕಾಣುತ್ತದೆ. ಸೈಡ್ ವ್ಯೂನ 5 ಎತ್ತರದ ಡ್ಯಾಶ್ 30ಕ್ಕೆ ನಿಂತು ಕೆಳಗೆ ಇಳಿಯುತ್ತದೆ. ಟಾಪ್ ವ್ಯೂನಲ್ಲಿ ಮಾತ್ರ ಉದ್ದದ ಡ್ಯಾಶ್‌ಗಳು ತೂತಿನ ದೆಸೆಯಿಂದ ಹಿಂದಿನ ಅಂಚಿನತನಕ ಹಾಗೇ ಉಳಿಯುತ್ತವೆ, 30ರಲ್ಲಿ ಒಂದು ಅಡ್ಡ ಡ್ಯಾಶ್ ಸೇರುತ್ತದೆ. ತಾರಿಹಾಳದ ಶೆಡ್ಡಿನಲ್ಲಿ ಮಿಲ್ಲಿಂಗ್ ಮಾಡುವವರು ಕಟರ್ ಎಲ್ಲಿ ನಿಲ್ಲಿಸಬೇಕೆಂದು ನೋಡುವುದು ಆ ಅಡ್ಡ ಡ್ಯಾಶನ್ನೇ.