ನಾರ್ಮಲ್ ರಿಪೋರ್ಟಿನಲ್ಲಿ ಕಾಣದ ವಾನ್ ವಿಲ್ಲೆಬ್ರಾಂಡ್ ಕಾಯಿಲೆ

ಪ್ರಶ್ನೆ: ಮಗಳಿಗೆ 13 ವರ್ಷ. ದೊಡ್ಡವಳಾಗಿ ಒಂದು ವರ್ಷ ಆಯ್ತು. ಮೊದಲ ಸಲದಿಂದಲೂ 9-10 ದಿನ ಬ್ಲೀಡಿಂಗ್, ಮೊದಲ ಎರಡು ದಿನ ಗಂಟೆಗೊಂದು ಪ್ಯಾಡ್. ಹಿಮೋಗ್ಲೋಬಿನ್ 7.4. ಸ್ಕ್ಯಾನ್, ಥೈರಾಯ್ಡ್, ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟುವ ಟೆಸ್ಟ್ ಎಲ್ಲಾ ನಾರ್ಮಲ್. "ಶುರುವಿನಲ್ಲಿ ಹೀಗೇ, ಸರಿಹೋಗುತ್ತೆ" ಅಂತಾರೆ. ಬೇರೆ ಏನಾದರೂ ಇರಬಹುದಾ?

ಖಂಡಿತ ಇರಬಹುದು. ನಾನು ರಕ್ತದ ಕಾಯಿಲೆಗಳ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ನೀವು ಬರೆದಿರುವುದನ್ನು ಓದಿದಾಗ ನನಗೆ ಮೊದಲು ಹೊಳೆಯುವುದು ವಾನ್ ವಿಲ್ಲೆಬ್ರಾಂಡ್ ಕಾಯಿಲೆ. ಇದು ಹುಟ್ಟಿನಿಂದಲೇ ಬರುವ ರಕ್ತಸ್ರಾವದ ತೊಂದರೆ. ಹಿಮೋಫಿಲಿಯಾದ ಹೆಸರು ಎಲ್ಲರೂ ಕೇಳಿರುತ್ತಾರೆ, ಆದರೆ ಅದಕ್ಕಿಂತ ಇದೇ ಹೆಚ್ಚು ಜನರಲ್ಲಿದೆ.

"ಶುರುವಿನಲ್ಲಿ ಹೀಗೇ" ಎನ್ನುವ ಮಾತಿನಲ್ಲಿ ಅರ್ಧ ನಿಜವಿದೆ. ಮೊದಲ ಒಂದೆರಡು ವರ್ಷ ಅಂಡಾಶಯದ ಲಯ ಕೂಡಿ ಬಂದಿರುವುದಿಲ್ಲ, ಹಾಗಾಗಿ ಮುಟ್ಟು ಹಿಂದೆ ಮುಂದೆ ಆಗುತ್ತದೆ, ಕೆಲವೊಮ್ಮೆ ಜಾಸ್ತಿಯೂ ಹೋಗುತ್ತದೆ. ಆದರೆ ಮೊಟ್ಟಮೊದಲ ಮುಟ್ಟಿನಿಂದಲೇ ಏಳು ದಿನ ದಾಟುವುದು, ಒಂದೆರಡು ಗಂಟೆಯಲ್ಲೇ ಪ್ಯಾಡ್ ಪೂರ್ತಿ ನೆನೆಯುವುದು, ರಕ್ತ ಕೊಡಬೇಕಾದೀತು ಎನ್ನುವ ಮಟ್ಟಕ್ಕೆ ಹಿಮೋಗ್ಲೋಬಿನ್ ಇಳಿಯುವುದು, ಇವನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗಬಾರದು. ಇಷ್ಟು ರಕ್ತ ಹೋಗುವ ಹುಡುಗಿಯರಲ್ಲಿ ಸುಮಾರು ಐವರಲ್ಲಿ ಒಬ್ಬರವರೆಗೆ ಯಾವುದಾದರೊಂದು ರಕ್ತಸ್ರಾವದ ಕಾಯಿಲೆ ಸಿಗುತ್ತದೆ.

ಹಾಗಾದರೆ ಟೆಸ್ಟ್‌ಗಳೆಲ್ಲ ಯಾಕೆ ನಾರ್ಮಲ್? ರಕ್ತನಾಳ ಒಡೆದಾಗ ಪ್ಲೇಟ್‌ಲೆಟ್‌ಗಳು ಆ ಜಾಗಕ್ಕೆ ಬಂದು ಅಂಟಿಕೊಳ್ಳಬೇಕು. ಅಂಟಿಸುವ ಕೆಲಸ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಪ್ರೋಟೀನಿನದು. ಇಟ್ಟಿಗೆ ರಾಶಿ ಬಿದ್ದಿದ್ದರೂ ಗಾರೆ ಇಲ್ಲದಿದ್ದರೆ ಗೋಡೆ ನಿಲ್ಲುವುದಿಲ್ಲವಲ್ಲ, ಹಾಗೆ. ಪ್ಲೇಟ್‌ಲೆಟ್ ಕೌಂಟ್ ಇಟ್ಟಿಗೆ ಎಣಿಸುತ್ತದೆ ಅಷ್ಟೆ. ನಿಮ್ಮ ರಿಪೋರ್ಟಿನಲ್ಲಿ ಪಿಟಿ, ಎಪಿಟಿಟಿ ಎಂದಿರುವ ಪರೀಕ್ಷೆಗಳು ಗಾಜಿನ ಕೊಳವೆಯಲ್ಲಿ ರಕ್ತದ ನೀರು ಎಷ್ಟು ಸೆಕೆಂಡಿನಲ್ಲಿ ಗಟ್ಟಿಯಾಗುತ್ತದೆ ಎಂದು ನೋಡುತ್ತವೆ. ಅಲ್ಲಿ ಒಡೆದ ನಾಳವೂ ಇಲ್ಲ, ಅಂಟಬೇಕಾದ ಪ್ಲೇಟ್‌ಲೆಟ್ಟೂ ಇಲ್ಲ. ಈ ಪ್ರೋಟೀನ್ ಫ್ಯಾಕ್ಟರ್ 8 ಅನ್ನೂ ಹೊತ್ತು ಕಾಪಾಡುತ್ತದೆ. ಆ ಫ್ಯಾಕ್ಟರ್ 8 ಚೆನ್ನಾಗಿ ಕುಸಿದ ಮೇಲಷ್ಟೇ ಎಪಿಟಿಟಿ ಉದ್ದವಾಗುವುದು. ಸೌಮ್ಯ ರೂಪದಲ್ಲಿ ಅದು ಅಷ್ಟು ಕುಸಿಯುವುದಿಲ್ಲ. ಆದ್ದರಿಂದ ಆ ರಿಪೋರ್ಟು ಸುಳ್ಳಲ್ಲ, ಅದು ಈ ಕಾಯಿಲೆಯನ್ನು ಹುಡುಕಿಲ್ಲ.

ಕೇಳಿ ಮಾಡಿಸಬೇಕಾದದ್ದು ಮೂರು: ವಾನ್ ವಿಲ್ಲೆಬ್ರಾಂಡ್ ಆಂಟಿಜೆನ್, ಅಂದರೆ ಪ್ರೋಟೀನ್ ಎಷ್ಟಿದೆ ಎಂಬುದು, ವಾನ್ ವಿಲ್ಲೆಬ್ರಾಂಡ್ ಆಕ್ಟಿವಿಟಿ, ಅಂದರೆ ಅದು ಎಷ್ಟು ಕೆಲಸ ಮಾಡುತ್ತಿದೆ ಎಂಬುದು, ಮತ್ತು ಫ್ಯಾಕ್ಟರ್ 8. ಜೊತೆಗೆ ಕಬ್ಬಿಣದ ದಾಸ್ತಾನು ತಿಳಿಯಲು ಫೆರಿಟಿನ್.

ಇದರಲ್ಲೂ ಜನ ಮೋಸ ಹೋಗುತ್ತಾರೆ. ಒಂದು ಉದಾಹರಣೆ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಹದಿನಾಲ್ಕರ ಹುಡುಗಿ, ಹಿಮೋಗ್ಲೋಬಿನ್ 6ಕ್ಕೆ ಇಳಿದು ರಾತ್ರಿ ಎಮರ್ಜೆನ್ಸಿಗೆ ಬಂದಿದ್ದಳು. ಆಗಲೇ ತೆಗೆದ ರಕ್ತದಲ್ಲಿ ಆಂಟಿಜೆನ್ 66. ಸಾಮಾನ್ಯವಾಗಿ 50ರ ಮೇಲಿದ್ದರೆ ಸರಿ ಎನ್ನುತ್ತೇವೆ, ಹಾಗಾಗಿ ಕಾಯಿಲೆ ಇಲ್ಲ ಎಂದು ಬರೆದು ಕಳಿಸಬಹುದಿತ್ತು. ಆದರೆ ಭಯ, ನೋವು, ಜ್ವರ, ಜೋರು ರಕ್ತಸ್ರಾವ, ಇವೆಲ್ಲ ಈ ಪ್ರೋಟೀನನ್ನು ತಾತ್ಕಾಲಿಕವಾಗಿ ಏರಿಸುತ್ತವೆ. ಈಸ್ಟ್ರೋಜೆನ್ ಇರುವ ಹಾರ್ಮೋನ್ ಮಾತ್ರೆಯಿಂದಲೂ ಏರಬಹುದು. ಎರಡು ತಿಂಗಳ ನಂತರ, ಅವಳು ಆರಾಮಾಗಿದ್ದಾಗ ಮತ್ತೆ ನೋಡಿದರೆ ಆಂಟಿಜೆನ್ 37, ಆಕ್ಟಿವಿಟಿ 34. ಆಮೇಲಿನ ಪರೀಕ್ಷೆಯಲ್ಲೂ ಅಷ್ಟೇ. 30ಕ್ಕಿಂತ ಕೆಳಗಿದ್ದರೆ ಕಾಯಿಲೆ ಖಚಿತ. 30ರಿಂದ 50ರ ನಡುವೆ ಇದ್ದು ರಕ್ತಸ್ರಾವದ ಇತಿಹಾಸವೂ ಇದ್ದರೆ ಅದನ್ನೂ ಈ ಕಾಯಿಲೆ ಎಂದೇ ಪರಿಗಣಿಸಬೇಕೆಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅವಳ ಇತಿಹಾಸ ಆಮೇಲೆ ಬಿಚ್ಚಿಕೊಂಡಿತು. ಚಿಕ್ಕಂದಿನಿಂದ ಮೂಗಿನಲ್ಲಿ ರಕ್ತ, ಅದನ್ನು "ಉಷ್ಣ" ಎಂದು ಎಳನೀರು ಕೊಟ್ಟು ಸುಮ್ಮನಾಗಿದ್ದರು. ಅಪ್ಪನಿಗೆ ಹಲ್ಲು ಕಿತ್ತಾಗ ಎರಡು ದಿನ ರಕ್ತ ನಿಂತಿರಲಿಲ್ಲ. ಸೋದರತ್ತೆಗೆ ಹೆರಿಗೆಯ ನಂತರ ರಕ್ತ ಕೊಡಬೇಕಾಗಿತ್ತು. ಮುಟ್ಟಿನ ತೊಂದರೆ ಎಂದ ಮಾತ್ರಕ್ಕೆ ತಾಯಿಯ ಕಡೆಯದನ್ನಷ್ಟೇ ಕೇಳಬೇಡಿ. ಇದು ಗಂಡು ಹೆಣ್ಣು ಇಬ್ಬರಿಗೂ ಬರುತ್ತದೆ, ಅಪ್ಪನಿಂದ ಮಗಳಿಗೂ ಇಳಿಯುತ್ತದೆ.

ಪರೀಕ್ಷೆ ಕೊಡುವಾಗ ದಯವಿಟ್ಟು ರಕ್ತರೋಗ ವಿಭಾಗವಿರುವ ದೊಡ್ಡ ಆಸ್ಪತ್ರೆಯ ಲ್ಯಾಬಿಗೇ ಹೋಗಿ. ಊರಿನ ಕಲೆಕ್ಷನ್ ಸೆಂಟರಿನಲ್ಲಿ ತೆಗೆದ ರಕ್ತವನ್ನು ಐಸಿನಲ್ಲಿಟ್ಟು ಕಳಿಸಿದರೆ ಈ ಪ್ರೋಟೀನ್ ಸುಳ್ಳೇ ಕಡಿಮೆ ತೋರಿಸಬಹುದು. ಹಾರ್ಮೋನ್ ಮಾತ್ರೆಯಿಂದ ಈ ಪ್ರೋಟೀನ್ ಏರಬಹುದು ಎಂದೆನಲ್ಲ, ಹಾಗೆಂದು ಈಗ ನಡೆಯುತ್ತಿರುವ ಔಷಧಿಯನ್ನು ಪರೀಕ್ಷೆಗಾಗಿ ನೀವಾಗಿಯೇ ನಿಲ್ಲಿಸಬೇಡಿ.

ಈ ಕಾಯಿಲೆಯ ಇತಿಹಾಸವೇ ನಿಮ್ಮ ಮಗಳಂಥ ಒಬ್ಬ ಹುಡುಗಿಯಿಂದ ಶುರುವಾಗುತ್ತದೆ. ಫಿನ್ಲೆಂಡಿನ ಓಲಂಡ್ ದ್ವೀಪಗಳ ಯೋರ್ಡಿಸ್ ಎಂಬ ಐದು ವರ್ಷದ ಮಗುವನ್ನು 1924ರಲ್ಲಿ ಎರಿಕ್ ವಾನ್ ವಿಲ್ಲೆಬ್ರಾಂಡ್ ಎಂಬ ವೈದ್ಯ ನೋಡಿದರು, 1926ರಲ್ಲಿ ಆ ಕುಟುಂಬದ ಬಗ್ಗೆ ಬರೆದರು. ಯೋರ್ಡಿಸ್ ಹದಿಮೂರನೇ ವಯಸ್ಸಿನಲ್ಲಿ, ನಾಲ್ಕನೇ ಮುಟ್ಟಿನಲ್ಲಿ ತೀರಿಕೊಂಡಳು. ಆಗ ಈಗಿನಂಥ ಔಷಧಿಗಳು ಇರಲಿಲ್ಲ. ಹೆದರಿಸಲು ಹೇಳುತ್ತಿಲ್ಲ, ಈಗ ಔಷಧಿ ಇದೆ, ಅದಕ್ಕೇ ಕಾಯುತ್ತಾ ಕೂರಬೇಡಿ ಎನ್ನುತ್ತಿದ್ದೇನೆ.

ಸಾಮಾನ್ಯವಾಗಿ ಮೊದಲು ಕೊಡುವುದು ಟ್ರಾನೆಕ್ಸಾಮಿಕ್ ಆಸಿಡ್, ಮುಟ್ಟಿನ ದಿನಗಳಲ್ಲಿ ಮಾತ್ರ. ಕಟ್ಟಿದ ಹೆಪ್ಪು ಬೇಗ ಕರಗದಂತೆ ಅದು ತಡೆಯುತ್ತದೆ. ಇಲ್ಲಿ ಒಂದು ಎಚ್ಚರಿಕೆ: ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಇದರ ಜೊತೆ ಮೆಫೆನಾಮಿಕ್ ಆಸಿಡ್ ಎಂಬ ನೋವಿನ ಔಷಧಿ ಸೇರಿಸಿದ ಮಾತ್ರೆ ಬಹಳ ಓಡುತ್ತದೆ. ಮೆಫೆನಾಮಿಕ್, ಐಬುಪ್ರೊಫೆನ್, ಆಸ್ಪಿರಿನ್ ಪ್ಲೇಟ್‌ಲೆಟ್‌ಗಳ ಕೆಲಸವನ್ನು ಕುಗ್ಗಿಸುತ್ತವೆ. ರಕ್ತಸ್ರಾವದ ಕಾಯಿಲೆಯ ಅನುಮಾನ ಇರುವಾಗ ಅವು ಬೇಡ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮಾತ್ರೆಯ ಹಾಳೆಯ ಹಿಂದೆ ಏನು ಬರೆದಿದೆ ಎಂದು ಇವತ್ತೇ ನೋಡಿ, ಎರಡೂ ಹೆಸರಿದ್ದರೆ ನಿಮ್ಮ ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಿ. ಸಾಲದಿದ್ದರೆ ಹಾರ್ಮೋನ್ ಮಾತ್ರೆ ಸೇರಿಸುತ್ತಾರೆ. ಅದು ಗರ್ಭನಿರೋಧಕ ಮಾತ್ರೆಯೇ ಎಂದು ತಿಳಿದು ಮನೆಯವರು ಗಾಬರಿಯಾಗುತ್ತಾರೆ, ಆದರೆ ಇಲ್ಲಿ ಅದರ ಕೆಲಸ ಗರ್ಭಕೋಶದ ಒಳಪದರವನ್ನು ತೆಳ್ಳಗಿಡುವುದು. ಕಬ್ಬಿಣದ ಮಾತ್ರೆಯನ್ನು ಹಿಮೋಗ್ಲೋಬಿನ್ ಸರಿಯಾದ ಕೂಡಲೇ ಬಿಡಬೇಡಿ. ದಾಸ್ತಾನು ತುಂಬಲು ಆಮೇಲೂ ಸುಮಾರು ಮೂರು ತಿಂಗಳು ಬೇಕು.

ವಾನ್ ವಿಲ್ಲೆಬ್ರಾಂಡ್ ಎರಡು ಸಲವೂ ಸರಿಯಾಗಿ ಬಂದರೆ ಅಲ್ಲಿಗೇ ನಿಲ್ಲಿಸದೆ ಪ್ಲೇಟ್‌ಲೆಟ್ ಕೆಲಸದ ಪರೀಕ್ಷೆಯನ್ನೂ ಕೇಳಿ. ನಿಮ್ಮದು ಸೋದರಮಾವ ಅಥವಾ ಅತ್ತೆ ಮಗನೊಂದಿಗಿನ ಮದುವೆಯಾಗಿದ್ದರೆ ಇದನ್ನು ಖಂಡಿತ ಹೇಳಿ. ಗ್ಲಾನ್ಸ್‌ಮನ್ ಎಂಬ ಕಾಯಿಲೆಯಲ್ಲಿ ಕೌಂಟ್ ಸರಿಯಾಗಿದ್ದರೂ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಕೂಡುವುದಿಲ್ಲ, ರಕ್ತಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಅದು ಹೆಚ್ಚು ಕಾಣುತ್ತದೆ.

7.4 ಇರುವಾಗ ಮುಂದಿನ ಮುಟ್ಟಿನವರೆಗೆ ಕಾಯದೆ ಈ ವಾರವೇ ವೈದ್ಯರನ್ನು ನೋಡಿ. ಸತತ ಎರಡು ಗಂಟೆ ಗಂಟೆಗೊಂದು ಪ್ಯಾಡ್ ನೆನೆದರೆ, ನಿಂತರೆ ತಲೆ ತಿರುಗಿದರೆ, ಎದೆ ಡವಡವ ಎಂದರೆ ರಾತ್ರಿಯಾದರೂ ನೇರವಾಗಿ ಎಮರ್ಜೆನ್ಸಿಗೆ ಕರೆದೊಯ್ಯಿರಿ. ಕಾಯಿಲೆ ಖಚಿತವಾದರೆ ಅವಳ ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಿ. ಯಾರಿಗಾದರೂ ಹಲ್ಲು ಕೀಳಿಸುವುದು, ಟಾನ್ಸಿಲ್ ತೆಗೆಸುವುದು ಇದ್ದರೆ ಅದಕ್ಕೆ ಮುಂಚೆಯೇ.