ಹೆಸರು ಬದಲಾಯಿಸಿದರೆ ಬೇರೆಯವರ ಹೆಂಡತಿಗೂ ಆಗುವ ಸಾಲು ಬೇಡ

ಪ್ರಶ್ನೆ: ಮುಂದಿನ ತಿಂಗಳು ನಮ್ಮ ಮದುವೆಯಾಗಿ ಒಂಬತ್ತು ವರ್ಷ. ಹೆಂಡತಿಗೆ ಮನಸ್ಸಿನಿಂದ ನಾಲ್ಕು ಸಾಲು ಬರೆದು ಕೊಡಬೇಕು ಅಂತ ಆಸೆ. ಗೂಗಲ್‌ನಲ್ಲಿ ಸಿಗೋದೆಲ್ಲ ಒಂದೇ ಥರ ಇದೆ. ಯಾರಾದರೂ ನಿಜವಾಗಿ ಬರೆದಿದ್ದರೆ ಹೇಗೆ ಬರೆದಿರಿ ಹೇಳ್ತೀರಾ?

ನಾನು ಬರೆದಿದ್ದೇನೆ, ಅದೂ ಎರಡು ಸಲ ಕೆಡಿಸಿ ಮೂರನೇ ಸಲ.

ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಫ್ಲೆಕ್ಸು, ಜೆರಾಕ್ಸು. ನಮ್ಮ ಕಂಪ್ಯೂಟರಿನಲ್ಲಿ ನುಡಿಯಲ್ಲಿ ಟೈಪ್ ಮಾಡಿಟ್ಟ ಒಂದು ಹಳೇ ಫೈಲ್ ಇದೆ, ಅದರ ತುಂಬ ಶುಭಾಶಯದ ಸಾಲುಗಳು. ಬಾಳಸಂಗಾತಿ, ಬಾಳಿನ ಬೆಳಕು, ನೂರ್ಕಾಲ ನಗುನಗುತ್ತಾ ಬಾಳಿ, ಎಲ್ಲವೂ ಅದರಲ್ಲಿವೆ. ಗಿರಾಕಿ ಬಂದು "ಮ್ಯಾಟರ್ ನೀವೇ ಏನಾದ್ರೂ ಹಾಕಿ ಮಾರಾಯ್ರೆ" ಅಂದರೆ ಅಲ್ಲಿಂದ ಒಂದು ಸಾಲು ತೆಗೆದು, ಹೆಸರು ಬದಲಾಯಿಸಿ, ಎರಡು ಗುಲಾಬಿ ಇಟ್ಟು ಕೊಡುತ್ತೇನೆ. ಅದರಿಂದಲೇ ಹೊಟ್ಟೆ ಹೊರೆಯುತ್ತಿರುವುದು, ಆ ಸಾಲುಗಳ ಮೇಲೆ ನನಗೆ ಸಿಟ್ಟೇನೂ ಇಲ್ಲ.

ಒಂದು ಸಲ ನಮ್ಮ ಮದುವೆ ದಿನಕ್ಕೆ ಅದೇ ಫೈಲಿನಿಂದ ಒಂದು ಸಾಲು ತೆಗೆದು, ಚೆಂದದ ಕಾಗದದಲ್ಲಿ ಪ್ರಿಂಟ್ ಹಾಕಿ ಹೆಂಡತಿಗೆ ಕೊಟ್ಟೆ. ಅಂಗಡಿಯ ಪ್ರೂಫ್ ನೋಡುವವಳು ಅವಳೇ ಅನ್ನುವುದು ಆ ಹೊತ್ತಿಗೆ ಮರೆತುಹೋಗಿತ್ತು. ಓದಿ, "ಇದು ಹೋದ ವಾರ ಆರು ಬೈ ನಾಲ್ಕರ ಫ್ಲೆಕ್ಸಿಗೆ ಹಾಕಿದ್ದಲ್ವಾ?" ಅಂದಳು. ಬೇಜಾರಿನಿಂದ ಹೇಳಿದ್ದಲ್ಲ, ಸುಮ್ನೆ ಗುರುತು ಹಿಡಿದು ಹೇಳಿದ್ದು. ನನಗೆ ಮಾತ್ರ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ.

ನಮ್ಮ ಮದುವೆ ಡಿಸೆಂಬರ್ 4ಕ್ಕೆ. 2025ರಲ್ಲಿ ಹದಿನಾಲ್ಕು ವರ್ಷ ತುಂಬಿತು. ಆ ಸಲ ಸ್ವಂತದ್ದೇ ಬರೆಯಬೇಕು ಅಂತ ಕೂತೆ. ಮೊದಲ ಸಲ ಬಂದಿದ್ದು ಹೀಗೆ: "ಕಷ್ಟದಲ್ಲಿ ಸುಖದಲ್ಲಿ ನೀನು ಯಾವಾಗಲೂ ನನ್ನ ಜೊತೆಗಿದ್ದೆ. ನಿನ್ನಂಥ ಹೆಂಡತಿ ಸಿಕ್ಕಿದ್ದು ನನ್ನ ಪುಣ್ಯ." ಬರೆಯುವಾಗ ನನ್ನ ಕಣ್ಣಲ್ಲಿ ನೀರು ಬಂದಿದ್ದು ನಿಜ. ಮಾರನೇ ದಿನ ಅಂಗಡಿಯಲ್ಲಿ ಗಿರಾಕಿಯ ಮ್ಯಾಟರ್ ನೋಡುವ ಹಾಗೆ ನೋಡಿದೆ. ಹೆಸರು ಬದಲಾಯಿಸಿದರೆ ಪಕ್ಕದ ಮೊಬೈಲ್ ಅಂಗಡಿಯವನ ಹೆಂಡತಿಗೂ ಸರಿಹೋಗುತ್ತದೆ, ಒಂದು ಅಕ್ಷರವೂ ತಿದ್ದುವುದು ಬೇಡ. ನೀವು ಬರೆದಿದ್ದನ್ನೂ ಹೀಗೇ ನೋಡಿ: ಆ ಸಾಲನ್ನು ಗೆಳೆಯನೊಬ್ಬನ ಹೆಂಡತಿಗೆ ಕೊಟ್ಟರೆ ಆಕೆಗೆ "ಇದು ನನಗಲ್ಲ" ಅಂತ ಗೊತ್ತಾಗಬೇಕು. ಗೊತ್ತಾಗದಿದ್ದರೆ ಅದು ಇನ್ನೂ ಫೈಲಿನ ಸಾಲೇ.

ಕೆಡಿಸಿದ್ದು "ಯಾವಾಗಲೂ" ಅನ್ನುವ ಪದ ಅಂತ ನನಗೆ ಅನ್ನಿಸಿತು. ಯಾವಾಗಲೂ ಅಂತ ಶುರುವಾದ ವಾಕ್ಯಕ್ಕೆ ದಿನ ಇಲ್ಲ, ಜಾಗ ಇಲ್ಲ. "ಅವತ್ತು" ಅಂತ ಶುರು ಮಾಡಿದರೆ ಕೈ ತಾನಾಗಿ ಯಾವ ದಿನ, ಎಲ್ಲಿ, ಏನಾಯ್ತು ಅಂತ ಹುಡುಕುತ್ತದೆ. ಹಾಗೆ ಹುಡುಕಿದಾಗ ಸಿಕ್ಕಿದ್ದು 2016ರ ನವೆಂಬರಿನ ಒಂದು ಸಂಜೆ.

ಅವಳ ತವರುಮನೆ ತುಮರಿ ಕಡೆ. ಆ ಭಾಗ ಗೊತ್ತಿಲ್ಲದವರಿಗೆ ಹೇಳುವುದಾದರೆ, ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ನಿಂತು ಆ ಊರುಗಳು ಆಚೆ ದಡಕ್ಕೆ ಸೇರಿಹೋದವು. ಸಾಗರದಿಂದ ಹೋಗಬೇಕು ಅಂದರೆ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಬೇಕಿತ್ತು. ಸಂಜೆಯ ಕೊನೆ ಲಾಂಚ್ ತಪ್ಪಿತೋ, ಬೆಳಗಿನ ತನಕ ಕಾಯಬೇಕು, ಇಲ್ಲವೇ ನಗರ ಅನ್ನುವ ಊರಿನ ಮೇಲೆ ದೂರದ ಸುತ್ತು ಹಾಕಬೇಕು. ಆಸ್ಪತ್ರೆಗೆ ಹೋಗುವವರ ಪಾಡು ಕೇಳಬೇಡಿ. ಆ ನೀರಿನ ಮೇಲೆ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ಕ್ಕೆ.

2016ರ ಆ ದಿನ ಮಾವನಿಗೆ ಹುಷಾರಿಲ್ಲ ಅಂತ ಫೋನ್ ಬಂತು. ಹೊರಡೋಣ ಅಂದಳು. ತುಳಸಿ ಪೂಜೆ ಕಳೆದು ಮದುವೆ ಸೀಸನ್ ಶುರುವಾಗಿತ್ತು, ಒಬ್ಬರಿಗೆ ಕಾರ್ಡು ಅವತ್ತೇ ಬೇಕಿತ್ತು. ಅರ್ಧ ಗಂಟೆ ಅಂದೆ. ಅವಳು ಬ್ಯಾಗ್ ಹಿಡಿದು ಅಂಗಡಿಯ ಸ್ಟೂಲಿನ ಮೇಲೆ ಕೂತಳು. ಅರ್ಧ ಗಂಟೆ ಎರಡು ಗಂಟೆ ಆಯಿತು. ಬೈಕಿನಲ್ಲಿ ಹೊಳೆಬಾಗಿಲು ಮುಟ್ಟುವಾಗ ಲಾಂಚ್ ನೀರಿನ ನಡುವೆ ಹೋಗುತ್ತಿತ್ತು. ಕೂಗಿದೆ. ಕೇಳಿಸಿದ್ದರೂ ಅವರಾದರೂ ಏನು ಮಾಡಿಯಾರು?

ಈ ಕಥೆಯನ್ನೇ ಎರಡನೇ ಸಲ ಎರಡು ಪುಟ ಬರೆದೆ. ಅದೂ ಕೆಟ್ಟಿತು, ಬೇರೆ ರೀತಿಯಲ್ಲಿ. ಕಾರ್ಡಿನ ಗಿರಾಕಿ ಎಷ್ಟು ಗಡಿಬಿಡಿ ಮಾಡಿದ, ಕರೆಂಟು ಎಷ್ಟು ಹೊತ್ತು ಹೋಗಿತ್ತು ಅಂತೆಲ್ಲ ನನ್ನ ಸಮಜಾಯಿಷಿಯೇ ಒಂದು ಪುಟ. ಆಮೇಲೆ ಕ್ಷಮೆ ಕೇಳುವುದು ಅರ್ಧ ಪುಟ. ಓದಿದರೆ ಅದು ಅವಳಿಗೆ ಬರೆದಿದ್ದು ಅನ್ನಿಸುತ್ತಲೇ ಇರಲಿಲ್ಲ, ನನ್ನ ಕೇಸಿನ ವಕಾಲತ್ತು. ಕೊನೆಯಲ್ಲಿ "ನೀನು ಸಹನಾಮೂರ್ತಿ" ಅಂತ ಬೇರೆ ಬರೆದಿದ್ದೆ. ಹೆಂಡತಿಯ ಸಹನೆ ಹೊಗಳುವಾಗ ಸ್ವಲ್ಪ ಹುಷಾರು. ಇನ್ನು ಮುಂದೆಯೂ ಹೀಗೇ ಸಹಿಸಿಕೊಂಡು ಹೋಗು ಮಾರಾಯ್ತಿ ಅಂತ ಕೇಳಿದ ಹಾಗೆ ಆಗುತ್ತದೆ. ಅವಳು ಏನು ಮಾಡಿದಳು ಅಷ್ಟು ಬರೆದರೆ ಸಾಕು, ಅದಕ್ಕೆ ಹೆಸರಿಡುವುದು ಬೇಡ.

ಇನ್ನೊಂದು, ನೆನಪನ್ನು ನಂಬಬೇಡಿ. ಅವಳು ಆ ದಿನ ಬ್ಯಾಗಿನಿಂದ ಅವಲಕ್ಕಿ ತೆಗೆದು ಕೊಟ್ಟಳು ಅಂತಲೇ ನನ್ನ ತಲೆಯಲ್ಲಿತ್ತು. ಬರೆದ ಮೇಲೆ ಅನುಮಾನ ಬಂತು. ಊಟಕ್ಕೆ ಕೂತಾಗ ಬೇರೇನೋ ಮಾತಾಡುತ್ತಾ, "ಲಾಂಚ್ ತಪ್ಪಿದ ದಿನ ಅವಲಕ್ಕಿ ತಿಂದಿದ್ವಲ್ಲ" ಅಂದೆ. "ಎಂಥ ಅವಲಕ್ಕಿ? ಸೌತೆಕಾಯಿ ದೋಸೆ. ನೀವು ಮಧ್ಯಾಹ್ನ ಊಟಕ್ಕೇ ಬರಲಿಲ್ಲ ಅಂತ ಕಟ್ಟಿಕೊಂಡು ಬಂದಿದ್ದೆ, ಅಂಗಡಿಯಲ್ಲಿ ಕೊಡೋಣ ಅಂದ್ರೆ ನೀವು ತಲೆ ಎತ್ತಿದ್ರೆ ತಾನೆ" ಅಂದಳು. ನಾನು ಸಾರು ಬಡಿಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ. ಆ ಡಬ್ಬಿ ಅವಳ ಅಪ್ಪನ ಮನೆಗೆ ಅಂತಲೇ ಒಂಬತ್ತು ವರ್ಷ ತಿಳಿದಿದ್ದೆ. ಬರೆಯಬೇಕಾಗಿದ್ದು ಅದನ್ನೇ ಅಂತ ಅಲ್ಲೇ ಗೊತ್ತಾಯಿತು. ಹಾಗಾಗಿ ಬರೆಯುವ ಮೊದಲು ಒಂದು ಮಾತು ಅವಳನ್ನೇ ಅಡ್ಡದಾರಿಯಲ್ಲಿ ಕೇಳಿ. ತಪ್ಪು ವಿವರ ಬಿದ್ದರೆ ಮಿಕ್ಕ ಸಾಲುಗಳ ಮೇಲೂ ನಂಬಿಕೆ ಹೋಗುತ್ತದೆ, ಸರಿಯಾದದ್ದು ಸಿಕ್ಕರೆ ಹೀಗೆ ಲಾಟರಿ ಹೊಡೆದ ಹಾಗೆ.

ಕೊನೆಗೆ ಕೊಟ್ಟಿದ್ದು ಇದು. ಅವಳನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ.

"ಮಾರಾಯ್ತಿ,

ಹೊಳೆಬಾಗಿಲಿನಲ್ಲಿ ಕೊನೆ ಲಾಂಚ್ ತಪ್ಪಿದ ದಿನ ನೀನು ಬ್ಯಾಗಿನಿಂದ ಡಬ್ಬಿ ತೆಗೆದು ತಣ್ಣಗಾದ ಸೌತೆಕಾಯಿ ದೋಸೆ ಕೊಟ್ಟೆ. ಜೋನಿಬೆಲ್ಲ ಸೋರಿ ನಿನ್ನ ಸೀರೆಗೆ ಹತ್ತಿತ್ತು. ನಾಲ್ಕು ದೋಸೆಯಲ್ಲಿ ಮೂರು ನಾನೇ ತಿಂದೆ. ನೀನು ಆಚೆ ದಡದ ಲೈಟು ನೋಡ್ತಾ ಕೂತಿದ್ದೆ.

ಅದು ಮಧ್ಯಾಹ್ನವೇ ನನಗೆ ಅಂತ ಕಟ್ಟಿದ ಡಬ್ಬಿ ಅಂತ ಗೊತ್ತಾಗಿದ್ದು ಮೊನ್ನೆ. ಅಲ್ಲಿಯವರೆಗೂ ನಾನು ಕೇಳಿರಲೇ ಇಲ್ಲ.

ಈಗ ಸೇತುವೆ ಇದೆ, ತಡವಾದರೂ ದಾಟಬಹುದು. ಆದರೂ ಈ ಭಾನುವಾರ ಮೂರು ಗಂಟೆಗೆ ಅಂಗಡಿ ಬಾಗಿಲು ಹಾಕ್ತೀನಿ. ಬೆಳಕು ಇರುವಾಗಲೇ ನಿಮ್ಮ ಮನೆ ಸೇರೋಣ. ದಾರಿಗೆ ದೋಸೆ ನಾನು ಎರೀತೀನಿ. ಹರಿದರೂ ತಿನ್ನಬೇಕು.

ಹದಿನಾಲ್ಕು ಆಯ್ತು."

ಇದರಿಂದ ಒಂದು ಸಾಲು ಕಷ್ಟಪಟ್ಟು ತೆಗೆದೆ. ಮಾವ ಆ ಸಲ ಹುಷಾರಾದರು, ಆದರೆ ಸೇತುವೆ ಆಗುವುದರೊಳಗೆ ತೀರಿಕೊಂಡರು. "ಅಪ್ಪಯ್ಯ ಇದ್ದಿದ್ದರೆ ಸೇತುವೆ ನೋಡುತ್ತಿದ್ದರು" ಅಂತ ಬರೆದಿದ್ದೆ. ಸಾಲೇನೋ ಚೆನ್ನಾಗಿತ್ತು, ಅದೇ ತೊಂದರೆ. ಅದನ್ನು ಓದಿದರೆ ಅವಳಿಗೆ ಅಪ್ಪ ನೆನಪಾಗುತ್ತಾರೆ, ದೋಸೆ ಡಬ್ಬಿ ಮರೆತುಹೋಗುತ್ತದೆ. ಮದುವೆ ದಿನ ಬೆಳಿಗ್ಗೆ ಅಳಿಸಿ ನನಗೇನು ಆಗಬೇಕು?

"ಮಾರಾಯ್ತಿ" ಅಂತ ಶುರು ಮಾಡಿದ್ದು ಯಾಕೆ ಅಂದರೆ ಮನೆಯಲ್ಲಿ ನಾನು ಕರೆಯುವುದೇ ಹಾಗೆ. "ಪ್ರೀತಿಯ ಮಡದಿಗೆ" ಅಂತ ಹಾಕಿ ನೋಡಿದೆ, ಕೋಟು ಹಾಕಿಕೊಂಡು ಅಡುಗೆಮನೆಗೆ ಹೋದ ಹಾಗಾಯಿತು. ನೀವು ಹೆಸರು ಹಿಡಿದು ಕರೆಯುತ್ತೀರೋ, ಮಗಳ ಅಮ್ಮ ಅನ್ನುತ್ತೀರೋ, ಅದನ್ನೇ ಬರೆಯಿರಿ. ಒಂದು ಸಲ ಜೋರಾಗಿ ಓದಿ, ನಾಲಿಗೆ ಎಲ್ಲಿ ಭಾಷಣಕ್ಕೆ ತಿರುಗುತ್ತದೋ ಅಲ್ಲಿ ಕತ್ತರಿಸಿ. ಕೊನೆಗೆ ಏಳೇಳು ಜನ್ಮದ ಮಾತಿನ ಬದಲು ಈ ವಾರದೊಳಗೆ ಮಾಡಿ ತೋರಿಸಬಹುದಾದ ಒಂದು ಕೆಲಸ ಬರೆಯಿರಿ. ಏಳು ಜನ್ಮದ್ದು ಯಾರು ಲೆಕ್ಕ ಇಡುತ್ತಾರೆ, ಭಾನುವಾರ ಮೂರು ಗಂಟೆಯದ್ದಾದರೆ ಇಡುತ್ತಾರೆ.

ಎರಡು ಕಡೆ ಮಾತ್ರ ಇದು ನಡೆಯುವುದಿಲ್ಲ. ಇನ್ನೂ ಹಸಿಯಾಗಿರುವ ಜಗಳದ ದಿನ ಆರಿಸಿಕೊಂಡರೆ ಶುಭಾಶಯ ಹೋಗಿ ಜಗಳದ ಎರಡನೇ ಕಂತು ಆಗುತ್ತದೆ. ಅವಳಿಗೆ ನಾಚಿಕೆಯಾದ ದಿನವೂ ಬೇಡ, ನಿಮಗೆ ಅದು ಎಷ್ಟೇ ಮುದ್ದಾಗಿ ಕಂಡಿರಲಿ.

ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ ಅಂತ ನನ್ನ ಅಭಿಪ್ರಾಯ. ಹಾಕುತ್ತೀರಿ ಅಂತ ಮೊದಲೇ ಮನಸ್ಸಿನಲ್ಲಿದ್ದರೆ ಬರೆಯುವಾಗಲೇ ಅತ್ತಿಗೆ, ಷಡ್ಡಕ, ಆಫೀಸಿನವರು ಎಲ್ಲ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ನಾನು ಕಾರ್ಡು ಕತ್ತರಿಸಿ ಉಳಿದ ದಪ್ಪ ಕಾಗದದ ತುಂಡಿನ ಮೇಲೆ ಪೆನ್ನಿನಲ್ಲಿ ಬರೆದು ಚಾಪುಡಿ ಡಬ್ಬದ ಕೆಳಗೆ ಇಟ್ಟೆ. ಬೆಳಿಗ್ಗೆ ಮೊದಲು ಅದಕ್ಕೇ ಕೈ ಹಾಕುತ್ತಾಳೆ.

ಹಲ್ಲುಜ್ಜಿ ಬರುವಷ್ಟರಲ್ಲಿ ಹಾಲು ಉಕ್ಕಿ ಒಲೆ ಮೇಲೆಲ್ಲ ಹರಿದಿತ್ತು, ಅವಳು ಕಾಗದ ಹಿಡಿದು ಕಿಟಕಿ ಹತ್ತಿರ ನಿಂತಿದ್ದಳು. ಏನೂ ಹೇಳಲಿಲ್ಲ. ಸಂಜೆ ನೋಡಿದರೆ ಕಾಗದ ಅಂಗಡಿಯ ಪ್ರೂಫ್ ಟ್ರೇಯಲ್ಲಿತ್ತು. "ನಾಲ್ಕು ದೋಸೆಯಲ್ಲಿ ಮೂರು" ಅನ್ನುವುದಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ "ಐದು ಇತ್ತು. ನಾಲ್ಕು" ಅಂತ ತಿದ್ದಿದ್ದಳು.

ಭಾನುವಾರ ಬಾಗಿಲು ಹಾಕಿದ್ದು ಮೂರೂ ಇಪ್ಪತ್ತಕ್ಕೆ. ಅದನ್ನೂ ಬರೆದಿಟ್ಟುಕೊಂಡಿದ್ದಾಳೆ.